ಬಡ್ಡಿಯ ಬಡ್ಡಿಗೂ ಬಡ್ಡಿ ಸಲ್ಲಬೇಕು: ಠೇವಣಿಯ ಬಾಕಿ 994 ರೂಪಾಯಿ 74 ಪೈಸೆ ಕುರಿತು ಎರಡನೇ ದೂರು

ಗೆ,
ಮುಖ್ಯ ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ

ವಿಷಯ: ಐದು ವರ್ಷದ ಠೇವಣಿಗೆ ಚಕ್ರಬಡ್ಡಿಯನ್ನು ಪೂರ್ತಿಯಾಗಿ ಕೊಡದಿರುವುದು

ಮಾನ್ಯರೇ,

ನನ್ನ ಮೊದಲ ದೂರಿಗೆ ನಿಮ್ಮ ಶಾಖೆ ಕಳುಹಿಸಿದ ಉತ್ತರ ಕೈಸೇರಿದೆ. ಬಡ್ಡಿಯ ಮೇಲಿನ ಬಡ್ಡಿ 7,600 ರೂಪಾಯಿಯನ್ನು ಖಾತೆಗೆ ಜಮಾ ಮಾಡಲಾಗಿದೆ, ಆದ್ದರಿಂದ ದೂರು ಇತ್ಯರ್ಥವಾಗಿದೆ ಎಂದು ಅದರಲ್ಲಿ ಬರೆದಿದ್ದಾರೆ. ಹಣ ಜಮಾ ಆಗಿದೆ, ದೂರು ಮಾತ್ರ ಇತ್ಯರ್ಥವಾಗಿಲ್ಲ. ಇನ್ನೂ 994 ರೂಪಾಯಿ 74 ಪೈಸೆ ಬರಬೇಕಾಗಿದೆ. ಅದು ಎಲ್ಲಿ ಕಳೆದುಹೋಯಿತು ಎಂಬುದನ್ನು ನಿಮ್ಮ ಲೆಕ್ಕದ ಹಾಳೆಯಿಂದಲೇ ತೋರಿಸುತ್ತೇನೆ.

ಠೇವಣಿ ರಸೀದಿಯಲ್ಲಿ ಇರುವುದು ಇಷ್ಟು: ಅಸಲು 1,00,000 ರೂಪಾಯಿ, ಅವಧಿ ಐದು ವರ್ಷ, ಬಡ್ಡಿ ವರ್ಷಕ್ಕೆ ಶೇ 8, ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಲಾಗುವುದು. ಅವಧಿ ಮುಗಿದಾಗ ನೀವು ಕೊಟ್ಟದ್ದು 1,40,000 ರೂಪಾಯಿ. ವರ್ಷಕ್ಕೆ 8,000ದಂತೆ ಐದು ವರ್ಷಕ್ಕೆ 40,000, ಅಂದರೆ ಅಪ್ಪಟ ಸರಳ ಬಡ್ಡಿ. ಪ್ರತಿ ಮೂರು ತಿಂಗಳಿಗೆ 2,000 ರೂಪಾಯಿಯನ್ನು ನೀವು ನನ್ನ ಕೈಗೆ ಕೊಟ್ಟಿದ್ದರೆ ಆ ಲೆಕ್ಕಕ್ಕೆ ನನ್ನ ತಕರಾರು ಇರುತ್ತಿರಲಿಲ್ಲ. ಹಾಗೆ ಕೊಟ್ಟಿಲ್ಲ. ಬಡ್ಡಿ ನಿಮ್ಮ ಬಳಿಯೇ ಉಳಿಯಿತು, ಅದನ್ನು ನೀವೇ ಬಳಸಿದಿರಿ.

ರಸೀದಿಯ ಷರತ್ತಿನಂತೆ ಲೆಕ್ಕ ಮಾಡೋಣ. ವರ್ಷಕ್ಕೆ ಶೇ 8 ಎಂದರೆ ಮೂರು ತಿಂಗಳಿಗೆ ಶೇ 2. ಮೊದಲ ಕಂತಿನ ಬಡ್ಡಿ 2,000, ಮೊತ್ತ 1,02,000. ಇಲ್ಲಿಯವರೆಗೆ ನಿಮ್ಮ ಲೆಕ್ಕವೂ ನನ್ನ ಲೆಕ್ಕವೂ ಒಂದೇ. ಎರಡನೇ ಕಂತಿನಲ್ಲಿ ಬಡ್ಡಿ ಬೀಳಬೇಕಾದದ್ದು 1,02,000ದ ಮೇಲೆ, ಅಂದರೆ 2,040. ನಿಮ್ಮ ಹಾಳೆಯಲ್ಲಿ ಮತ್ತೆ 2,000 ಎಂದೇ ಇದೆ. ವ್ಯತ್ಯಾಸ ಹುಟ್ಟಿದ್ದು ಈ 40 ರೂಪಾಯಿಯಲ್ಲಿ.

ಶಾಖೆಯ ಉತ್ತರದಲ್ಲಿ ನನ್ನ ಮೊತ್ತವನ್ನು "ಸೂತ್ರದಿಂದ ಬಂದ ಸಂಖ್ಯೆ" ಎಂದು ತಳ್ಳಿಹಾಕಿದ್ದಾರೆ, ಸೂತ್ರ ಬೇರೆ, ಹಣ ಬೇರೆ ಎಂಬಂತೆ. ಆ ಸೂತ್ರ ಹುಟ್ಟಿದ್ದು ನಿಮ್ಮ ಷರತ್ತಿನಿಂದಲೇ. ಮೊತ್ತ ಎಷ್ಟೇ ಇರಲಿ, ಅದಕ್ಕೆ ಅದರದೇ ನೂರರಲ್ಲಿ ಎರಡು ಪಾಲನ್ನು ಸೇರಿಸುವುದೂ ಅದನ್ನು 1.02ರಿಂದ ಗುಣಿಸುವುದೂ ಒಂದೇ ಕೆಲಸ. ಮುಂದಿನ ಕಂತಿನಲ್ಲಿ ಬಂದ ಮೊತ್ತವನ್ನು ಮತ್ತೆ 1.02ರಿಂದ ಗುಣಿಸಬೇಕು, ಅದರ ಮುಂದಿನ ಕಂತಿನಲ್ಲಿ ಮತ್ತೊಮ್ಮೆ. ಐದು ವರ್ಷದಲ್ಲಿ 20 ಕಂತು, ಆದ್ದರಿಂದ 20 ಬಾರಿ ಗುಣಾಕಾರ. ಅದನ್ನು ಚಿಕ್ಕದಾಗಿ ಬರೆದರೆ:

A = P(1 + i)^n

ಇಲ್ಲಿ A ಎಂದರೆ ಕೊನೆಗೆ ಬರುವ ಮೊತ್ತ, P ಎಂದರೆ ಅಸಲು, i ಎಂದರೆ ಒಂದು ಕಂತಿನ ಬಡ್ಡಿ ದರ, n ಎಂದರೆ ಕಂತುಗಳ ಸಂಖ್ಯೆ. 1.02 ಅನ್ನು 20 ಬಾರಿ ಗುಣಿಸಿದರೆ 1.4859474 ಬರುತ್ತದೆ. ಮೊತ್ತ 1,48,594 ರೂಪಾಯಿ 74 ಪೈಸೆ. ಸರಳ ಬಡ್ಡಿಯಲ್ಲಿ ಪ್ರತಿ ಸಲವೂ ಅಷ್ಟೇ ಹಣ ಕೂಡುತ್ತದೆ. ಚಕ್ರಬಡ್ಡಿಯಲ್ಲಿ ಪ್ರತಿ ಸಲವೂ ಅಷ್ಟೇ ಪಟ್ಟು ಬೆಳೆಯುತ್ತದೆ.

ಈಗ ನೀವು ಜಮಾ ಮಾಡಿದ 7,600ಕ್ಕೆ ಬರುತ್ತೇನೆ. ಅದನ್ನು ಲೆಕ್ಕ ಹಾಕಿದವರು ಯಾರೋ, ಅರ್ಧ ದಾರಿಯನ್ನು ಸರಿಯಾಗಿಯೇ ನಡೆದಿದ್ದಾರೆ. ಮೊದಲ ಕಂತಿನ 2,000 ರೂಪಾಯಿ ಬಡ್ಡಿ ಆಮೇಲೆ 19 ಕಂತುಗಳ ಕಾಲ ನಿಮ್ಮಲ್ಲಿತ್ತು, ಪ್ರತಿ ಕಂತಿಗೆ 40 ರೂಪಾಯಿ ದುಡಿಯಿತು. ಎರಡನೆಯದು 18 ಕಂತು ಇತ್ತು, ಮೂರನೆಯದು 17. ಕೊನೆಯದಕ್ಕೆ ದುಡಿಯಲು ಸಮಯವೇ ಸಿಗಲಿಲ್ಲ. 19ರಿಂದ 1ರವರೆಗೆ ಕೂಡಿದರೆ 190, ಅದನ್ನು 40ರಿಂದ ಗುಣಿಸಿದರೆ 7,600. ಸರಿ. ಆದರೆ ಆ 40 ರೂಪಾಯಿಗಳೂ ನಿಮ್ಮ ಬಳಿಯೇ ಉಳಿದವಲ್ಲ? ಒಂದೊಂದು 40 ರೂಪಾಯಿಯೂ ತಾನು ಜಮಾ ಆದ ಮೇಲಿನ ಪ್ರತಿ ಕಂತಿಗೆ 80 ಪೈಸೆ ಗಳಿಸಬೇಕು. ಅಂಥ 80 ಪೈಸೆಗಳು ಒಟ್ಟು 1,140. ಇಪ್ಪತ್ತು ಕಂತುಗಳಲ್ಲಿ ಯಾವುದಾದರೂ ಮೂರನ್ನು ಆರಿಸುವ ಬಗೆಗಳೂ ಅಷ್ಟೇ: ಒಂದರಲ್ಲಿ ಬಡ್ಡಿ ಹುಟ್ಟುತ್ತದೆ, ಮುಂದಿನ ಒಂದರಲ್ಲಿ ಅದರ ಬಡ್ಡಿ, ಇನ್ನೂ ಮುಂದಿನ ಒಂದರಲ್ಲಿ ಅದರದೂ ಬಡ್ಡಿ. ಅದರ ಮೊತ್ತ 912 ರೂಪಾಯಿ. ನಾಲ್ಕನೇ ಪದರದಲ್ಲಿ 77 ರೂಪಾಯಿ 52 ಪೈಸೆ. ಅದರಾಚೆಯ ಪದರಗಳೆಲ್ಲ ಸೇರಿ 5 ರೂಪಾಯಿ 22 ಪೈಸೆ. ಕೂಡಿ ನೋಡಿ, 994 ರೂಪಾಯಿ 74 ಪೈಸೆ. ಶಾಲೆಯಲ್ಲಿ ದ್ವಿಪದ ವಿಸ್ತರಣೆ ಎಂದು ಕಲಿಸುವುದು ಇದನ್ನೇ. ನಿಮ್ಮ ಮೊದಲ ಪಾವತಿ ಅದರ ಮೊದಲ ಎರಡು ಪದಗಳಿಗೆ ನಿಂತಿತು, ಎರಡನೆಯದು ಇನ್ನೊಂದು ಪದಕ್ಕೆ.

"ಬಡ್ಡಿಗೆ ಬಡ್ಡಿ ಎಂದು ಹೀಗೇ ಹೋದರೆ ಕೊನೆಯೇ ಇರುವುದಿಲ್ಲ" ಎಂಬ ವಾಕ್ಯವೂ ಆ ಉತ್ತರದಲ್ಲಿದೆ. ಕೊನೆ ಇದೆ. ಕಂತುಗಳು 20 ಇರುವುದರಿಂದ ಪದರಗಳೂ ಇಪ್ಪತ್ತನ್ನು ಮೀರುವುದಿಲ್ಲ, ಹತ್ತನೆಯದಕ್ಕೆ ಬರುವಷ್ಟರಲ್ಲೇ ಅದು ಪೈಸೆಯ ತೀರ ಸಣ್ಣ ಭಾಗವಾಗಿರುತ್ತದೆ. ಅಷ್ಟೇಕೆ, ಬಡ್ಡಿಯನ್ನು ದಿನಕ್ಕೊಮ್ಮೆ, ಕ್ಷಣಕ್ಕೊಮ್ಮೆ ಸೇರಿಸಿದರೂ ಶೇ 8ರ ದರದಲ್ಲಿ ಐದು ವರ್ಷಕ್ಕೆ ಈ ಅಸಲು 1,49,182 ರೂಪಾಯಿ 47 ಪೈಸೆಯನ್ನು ದಾಟುವುದಿಲ್ಲ. ಕಂತುಗಳನ್ನು ಹೀಗೆ ಚಿಕ್ಕದು ಮಾಡುತ್ತ ಹೋದರೂ ಬೆಳವಣಿಗೆಗೆ ಮಿತಿ ಇದೆ ಎಂಬುದನ್ನು ಗಣಿತಜ್ಞ ಯಾಕೋಬ್ ಬರ್ನೌಲಿ 17ನೇ ಶತಮಾನದಲ್ಲೇ ಕಂಡಿದ್ದರು. ನಿಮ್ಮ ಶಾಖೆಯ ಆತಂಕ ತಡವಾಗಿ ಬಂದಿದೆ.

ನಿಮ್ಮ ಲೆಕ್ಕಪರಿಶೋಧಕರಿಗೆ ಇಷ್ಟು ಓದುವ ತಾಳ್ಮೆ ಇಲ್ಲದಿದ್ದರೆ ಒಂದು ಪರೀಕ್ಷೆ ಸಾಕು. ಪ್ರತಿ ಕಂತಿನ ಕೊನೆಯ ಮೊತ್ತವನ್ನು ಅದರ ಹಿಂದಿನ ಮೊತ್ತದಿಂದ ಭಾಗಿಸಲಿ. ಚಕ್ರಬಡ್ಡಿಯಾದರೆ ಉತ್ತರ ಯಾವಾಗಲೂ 1.02 ಬರಬೇಕು. ಪೈಸೆಗಳನ್ನು ಪೂರ್ಣಾಂಕಕ್ಕೆ ತರುವಾಗ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗಬಹುದು, ಅದನ್ನು ನಾನು ಪ್ರಶ್ನಿಸುವುದಿಲ್ಲ. ನಿಮ್ಮ ಹಾಳೆಯಲ್ಲಿ ಕೊನೆಯ ಕಂತು 1,38,000ದಿಂದ 1,40,000ಕ್ಕೆ ಏರಿದೆ. ಭಾಗಿಸಿದರೆ ಸುಮಾರು 1.0145. ಅಂದರೆ ನಿಮ್ಮ ಬಳಿ ಇದ್ದ ಹಣಕ್ಕೆ ಆ ಮೂರು ತಿಂಗಳಲ್ಲಿ ಸಿಕ್ಕ ದರ ವರ್ಷಕ್ಕೆ ಶೇ 5.8 ಮಾತ್ರ. ಒಪ್ಪಂದದ ದರ ಯಾವ ಪತ್ರವೂ ಇಲ್ಲದೆ ಕಂತಿನಿಂದ ಕಂತಿಗೆ ಇಳಿಯುತ್ತ ಹೋಗಿದೆ.

ಈ ಸೂತ್ರ ಎಲ್ಲ ಠೇವಣಿಗೂ ಹೊಂದುವುದಿಲ್ಲ ಎಂಬುದು ನನಗೆ ಗೊತ್ತಿದೆ. ನಡುವೆ ದರ ಬದಲಾದರೆ, ಹಣ ಹಿಂತೆಗೆದರೆ, ಕೊನೆಯಲ್ಲಿ ಮುರುಕು ದಿನಗಳು ಉಳಿದರೆ ಲೆಕ್ಕವನ್ನು ತುಂಡು ತುಂಡಾಗಿ ಮಾಡಬೇಕಾಗುತ್ತದೆ. ನನ್ನ ಠೇವಣಿಯಲ್ಲಿ ಇವುಗಳಲ್ಲಿ ಒಂದೂ ನಡೆದಿಲ್ಲ. ಸರಿಯಾಗಿ 20 ಪೂರ್ಣ ಕಂತುಗಳು, ಒಂದೇ ದರ.

ಆದ್ದರಿಂದ 994 ರೂಪಾಯಿ 74 ಪೈಸೆಯನ್ನು ನನ್ನ ಖಾತೆಗೆ ಜಮಾ ಮಾಡಬೇಕು. ಅವಧಿ ಮುಗಿದ ದಿನದಿಂದ 7,600 ಜಮಾ ಆದ ದಿನದವರೆಗೆ ಪೂರ್ತಿ 8,594 ರೂಪಾಯಿ 74 ಪೈಸೆಗೆ, ಅಲ್ಲಿಂದ ಮುಂದೆ ಉಳಿದ ಬಾಕಿಗೆ, ಅದೇ ದರದಲ್ಲಿ ಬಡ್ಡಿಯನ್ನೂ ಕೊಡಬೇಕು. ಜೊತೆಗೆ 20 ಕಂತುಗಳ ಆರಂಭದ ಮೊತ್ತ, ಬಡ್ಡಿ ಮತ್ತು ಕೊನೆಯ ಮೊತ್ತವನ್ನು ತೋರಿಸುವ ತಿದ್ದಿದ ಹಾಳೆಯನ್ನು ಲಿಖಿತವಾಗಿ ಕಳುಹಿಸಬೇಕು. ಇದೇ ಬಗೆಯ ಠೇವಣಿ ಇಟ್ಟ ಇತರರ ಲೆಕ್ಕವೂ ಇದೇ ಹಾಳೆಯಲ್ಲಿ ಆಗಿದ್ದರೆ ಅವರ ಬಾಕಿಯನ್ನು ಅವರು ಕೇಳುವ ಮೊದಲೇ ತೀರಿಸಬೇಕೆಂದು ಆಗ್ರಹಿಸುತ್ತೇನೆ.

ಇತಿ,
ನಿಮ್ಮ ಠೇವಣಿದಾರ

ಲಗತ್ತು: ಠೇವಣಿ ರಸೀದಿಯ ಪ್ರತಿ, ಶಾಖೆಯ ಉತ್ತರ, ನಿಮ್ಮ ಲೆಕ್ಕದ ಹಾಳೆ