ಮಗಳಿಗೊಂದು ಪತ್ರ: ನಿನ್ನ ಪಾಲಕ್ ಪನೀರ್ ಕಂದಿದ್ದು ಯಾಕೆ

ಹಾಸನ
ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪಾಲಕ್ ಪನೀರ್ ಫೋಟೊ ನೋಡಿದೆ. ನಿಮ್ಮಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇದೇನು, ಹುರುಳಿ ಸಾರಿಗೆ ಪನೀರ್ ಹಾಕಿದ್ದಾಳಾ?" ಅಂದಳು. ಬೇಜಾರು ಮಾಡ್ಕೋಬೇಡ. ರೆಸಿಪಿಯಲ್ಲಿ "ಬ್ಲಾಂಚ್ ಮಾಡಿ ಐಸ್ ನೀರಿಗೆ ಹಾಕಿ" ಅಂತ ಇತ್ತು, ಬೇಯಿಸೋದು ತಾನೇ ಅಂತ ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿದೆ, ಐಸ್ ಯಾಕೆ ಬೇಕು ಅಂತ ಬಿಟ್ಟೆ ಅಂತ ಬರೆದಿದ್ದೀಯಲ್ಲ, ಎಡವಿದ್ದು ಅಲ್ಲೇ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಬ್ಲಾಂಚ್ ಅಂದರೆ ಬೇಯಿಸುವುದಲ್ಲ. ತರಕಾರಿಯನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಬೇಯುವ ಮೊದಲೇ ಹೊರಗೆ ತೆಗೆಯುವುದು. ಫ್ರೆಂಚರ ಮಾತಿನಲ್ಲಿ ಇದಕ್ಕೆ ಬೆಳ್ಳಗೆ ಮಾಡು ಅಂತ ಅರ್ಥ. ಹಸಿರು ಸೊಪ್ಪಿಗೆ ಬಿಳಿ ಹೆಸರು ಯಾಕೆ ಅಂತ ನಗಬೇಡ. ಬಾದಾಮಿಯನ್ನು ಬಿಸಿನೀರಿಗೆ ಹಾಕಿ, ಸಿಪ್ಪೆ ಜಾರಿಸಿ, ಬೆಳ್ಳಗೆ ಮಾಡುತ್ತೇವಲ್ಲ, ಅದೂ ಬ್ಲಾಂಚೇ. ಬಾದಾಮಿ ಹಾಲು ಮಾಡುವಾಗ ನೀನೇ ಎಷ್ಟು ಸಲ ಸಿಪ್ಪೆ ಚಿಮ್ಮಿಸಿದ್ದೀಯ.

ಈಗ ನಿನ್ನ ಸೊಪ್ಪಿನ ವಿಷಯ. ಪಾಲಕ್ ಕುದಿಯುವ ನೀರಿಗೆ ಬಿದ್ದ ಕೂಡಲೇ ಅದರ ಹಸಿರು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಎಲೆಯೊಳಗೆ ಸಣ್ಣ ಸಣ್ಣ ಸಂದಿಗಳಲ್ಲಿ ಗಾಳಿ ತುಂಬಿರುತ್ತದೆ. ಬಿಸಿಗೆ ಅದು ಹೊರಗೆ ಹೋಗುತ್ತದೆ, ಒಳಗಿನ ಬಣ್ಣ ನಿಚ್ಚಳವಾಗಿ ಕಾಣುತ್ತದೆ. ಆ ಗಿಣಿ ಹಸಿರು ಬಂತು ಅಂದರೆ ಕೆಲಸ ಮುಗಿಯಿತು. ಇನ್ನೂ ಅಲ್ಲೇ ಬಿಟ್ಟರೆ ಕಥೆ ಉಲ್ಟಾ. ಸೊಪ್ಪಿನಲ್ಲೇ ಒಂದಿಷ್ಟು ಹುಳಿ ಇರುತ್ತದೆ. ಬಿಸಿಗೆ ಎಲೆ ಮೆತ್ತಗಾದಂತೆ ಆ ಹುಳಿ ಹೊರಬಂದು ಹಸಿರು ಬಣ್ಣಕ್ಕೆ ತಾಗುತ್ತದೆ. ಹಸಿರಿನ ನಡುವೆ ಒಂದು ಮೆಗ್ನೀಶಿಯಂ ಕೂತಿರುತ್ತದೆ, ಶಾಲೆಯಲ್ಲಿ ಓದಿದ್ದೀಯ. ಹುಳಿ ಅದನ್ನು ಎಬ್ಬಿಸಿ ಕಳಿಸುತ್ತದೆ. ಉಳಿಯುವುದು ಮಿಲಿಟರಿ ಬಟ್ಟೆಯ ಮಾಸಲು ಬಣ್ಣ. ನಿನ್ನ ಕುಕ್ಕರ್ ಇದನ್ನೇ ಬೇಗ ಮಾಡಿತು. ಮುಚ್ಚಳ ಬೇರೆ ಬಿಗಿಯಾಗಿತ್ತು, ಆವಿಯ ಜೊತೆ ಹೋಗಬೇಕಾದ ಹುಳಿ ಕೂಡ ಒಳಗೇ ಉಳಿಯಿತು.

ಹಾಗಾದರೆ ಒಂದು ನಿಮಿಷಕ್ಕೆ ತೆಗೆದು ಜರಡಿಯಲ್ಲಿ ಹಾಕಿಟ್ಟರೆ ಸಾಲದಾ ಅಂತ ಕೇಳುತ್ತೀಯ. ಸಾಲದು. ಒಲೆ ಆರಿಸಿದರೂ ಸೊಪ್ಪಿನ ಒಳಗಿನ ಬಿಸಿ ಆರುವುದಿಲ್ಲ. ರಾಶಿ ಹಾಕಿದ ಸೊಪ್ಪಿನ ನಡುವೆ ಕೈ ಇಟ್ಟು ನೋಡು, ಹತ್ತು ನಿಮಿಷವಾದರೂ ಸುಡುತ್ತಿರುತ್ತದೆ. ಅಷ್ಟೂ ಹೊತ್ತು ಅದು ಬೇಯುತ್ತಲೇ ಇರುತ್ತದೆ. ಗಾಳಿಗಿಂತ ನೀರು ಬಿಸಿಯನ್ನು ಎಷ್ಟೋ ಬೇಗ ಎಳೆದುಕೊಳ್ಳುತ್ತದೆ, ಐಸ್ ನೀರು ಇನ್ನೂ ಬೇಗ. ಬೇಯುವುದನ್ನು ನಿಂತಲ್ಲೇ ನಿಲ್ಲಿಸುವುದು, ಐಸಿನ ಕೆಲಸ ಅಷ್ಟೇ. ಏಪ್ರಿಲ್‌ನಲ್ಲಿ ನಿಮ್ಮ ಪುಣೆಯ ಮೇಲಿನ ಟ್ಯಾಂಕಿನ ನೀರು ಸ್ನಾನಕ್ಕಾಗುವಷ್ಟು ಬೆಚ್ಚಗಿರುತ್ತದೆ, ಅದರಿಂದ ಆಗುವ ಕೆಲಸ ಅಲ್ಲ. ಇಲ್ಲಿ ಹಾಸನದಲ್ಲಿ ಡಿಸೆಂಬರ್ ಬೆಳಗ್ಗೆ ಆದರೆ ನಲ್ಲಿ ನೀರನ್ನೇ ಎರಡು ಸಲ ಬದಲಾಯಿಸಿ ನಾನು ಸುಧಾರಿಸುತ್ತೇನೆ.

ಮುಂದಿನ ಸಲ ಹೀಗೆ ಮಾಡು. ಕಡ್ಡಿ ತೆಗೆದು ತೊಳೆದ ಸೊಪ್ಪು 250 ಗ್ರಾಂ ಇರಲಿ. ದೊಡ್ಡ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರು ಕುದಿಸು. ಇಷ್ಟು ನೀರು ದಂಡ ಅನ್ನಿಸುತ್ತದೆ, ಆದರೆ ಕಮ್ಮಿ ನೀರಿಗೆ ತಣ್ಣನೆ ಸೊಪ್ಪು ಬಿದ್ದರೆ ಕುದಿ ನಿಂತುಹೋಗುತ್ತದೆ. ಮತ್ತೆ ಕುದಿ ಬರುವವರೆಗೆ ಸೊಪ್ಪು ಬೆಚ್ಚನೆ ನೀರಿನಲ್ಲಿ ನೆನೆಯುತ್ತಾ ಬಣ್ಣ ಕಳೆದುಕೊಳ್ಳುತ್ತದೆ. ಐಸ್ ನೀರನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಸೊಪ್ಪು ಕುದಿಯುವಾಗ ಫ್ರಿಜ್ ಬಾಗಿಲು ತೆಗೆದು ಟ್ರೇ ಕುಟ್ಟುತ್ತಾ ನಿಂತರೆ ಆಯಿತು ಕಥೆ. ಐಸ್ ಎಷ್ಟು? ಸೊಪ್ಪಿನ ತೂಕದಷ್ಟೇ, ಅಂದರೆ 250 ಗ್ರಾಂ, ಜೊತೆಗೆ ಒಂದೂವರೆ ಲೀಟರ್ ನೀರು. ಬರೀ ಐಸ್ ತುಂಡು ಹಾಕಬೇಡ, ಅವು ಅಲ್ಲಲ್ಲಿ ಮಾತ್ರ ತಾಗುತ್ತವೆ. ನೀರಾದರೆ ಎಲ್ಲಾ ಕಡೆ ತಾಗುತ್ತದೆ.

ಸೊಪ್ಪು ಹಾಕು, ಮುಚ್ಚಳ ಬೇಡ, ಒಂದು ಸಲ ಅದುಮಿ ಮುಳುಗಿಸು. ನಲವತ್ತು ಸೆಕೆಂಡಿನಿಂದ ಒಂದು ನಿಮಿಷ. ತೂತಿನ ಸೌಟಿನಲ್ಲಿ ಎತ್ತಿ ನೇರ ಐಸ್ ನೀರಿಗೆ. ಒಂದೆರಡು ನಿಮಿಷ ಬಿಟ್ಟು, ಸೊಪ್ಪಿನ ಮುದ್ದೆಯ ನಡುವೆ ಬೆರಳು ಹಾಕಿ ನೋಡು. ನಡುವೆಯೂ ತಣ್ಣಗಿದ್ದರೆ ತೆಗೆದು ಹಿಂಡು. ನೀರಿನಲ್ಲೇ ಬಿಟ್ಟು ಫೋನ್ ನೋಡುತ್ತಾ ಕೂತರೆ ರುಚಿಯೆಲ್ಲಾ ನೀರಿಗೆ ಹೋಗುತ್ತದೆ. ರುಬ್ಬುವಾಗಲೂ ಸೊಪ್ಪು ತಣ್ಣಗೇ ಇರಬೇಕು. ಮಿಕ್ಸಿ ಜಾರ್ ಬಿಸಿಯಾದರೆ ಸ್ವಲ್ಪ ನಿಲ್ಲಿಸಿ ನಿಲ್ಲಿಸಿ ರುಬ್ಬು.

ಇಷ್ಟಾದರೂ ಕೊನೆಗೆ ಕೆಡಿಸಬಹುದು. ನೀನು ಎರಡು ಟೊಮೆಟೊ ಹಾಕಿ ಅದರಲ್ಲೇ ಪಾಲಕ್ ಹತ್ತು ನಿಮಿಷ ಕುದಿಸಿದ್ದೀಯ. ಹುಳಿ ಮತ್ತೆ ಬಂತಲ್ಲ! ಈರುಳ್ಳಿ, ಟೊಮೆಟೊ, ಮಸಾಲೆ ಎಲ್ಲಾ ಮೊದಲು ಚೆನ್ನಾಗಿ ಬೇಯಲಿ. ರುಬ್ಬಿದ ಸೊಪ್ಪನ್ನು ಕೊನೆಗೆ ಹಾಕಿ ಎರಡು ಮೂರು ನಿಮಿಷ ಬಿಸಿ ಮಾಡಿ ಇಳಿಸು. ಕೆಲವರು ನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕುತ್ತಾರೆ. ಬಣ್ಣ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಸೊಪ್ಪು ಲೋಳೆಯಾಗುತ್ತದೆ, ಸೋಪಿನ ವಾಸನೆಯೂ ಬರಬಹುದು. ನನಗೆ ಅದು ಸೇರುವುದಿಲ್ಲ.

ಬಟಾಣಿಯ ಕಥೆ ಬೇರೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಹೋಟೆಲಿನಲ್ಲಿ ಅಡಿಗೆಗಿದ್ದಾಗ ಒಂದು ಜನವರಿಯಲ್ಲಿ ಹಸಿ ಬಟಾಣಿ ಅಗ್ಗ ಸಿಕ್ಕಿತು ಅಂತ ಇಪ್ಪತ್ತು ಕೆಜಿ ಸುಲಿಸಿ, ಹಾಗೇ ಫ್ರೀಜರಿಗೆ ತುಂಬಿಸಿದೆ. ಮೇ ತಿಂಗಳಲ್ಲಿ ತೆಗೆದರೆ ಒಣಹುಲ್ಲಿನ ವಾಸನೆ, ಸಪ್ಪೆ, ಬಣ್ಣವೂ ಮಾಸಿತ್ತು. ಕಾಳಿನೊಳಗಿನ ಕಿಣ್ವಗಳು ಚಳಿಗೆ ನಿಧಾನವಾಗುತ್ತವೆ, ಸಾಯುವುದಿಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಅವನ್ನು ನಿಲ್ಲಿಸುವುದು ಬಿಸಿ. ಬಟಾಣಿಗೆ ಒಂದೂವರೆ ನಿಮಿಷ, ಬೀನ್ಸ್‌ಗೆ ಮೂರು ನಿಮಿಷ, ನೀರು ಮತ್ತೆ ಕುದಿ ಬಂದ ಮೇಲೆ ಲೆಕ್ಕ. ಹೆದರಿ ಅರೆಬರೆ ತೆಗೆದರೆ ಬ್ಲಾಂಚ್ ಮಾಡದೇ ಇದ್ದದ್ದಕ್ಕಿಂತ ಕಡೆ, ಕಿಣ್ವಗಳು ಇನ್ನೂ ಚುರುಕಾಗುತ್ತವೆ. ಐಸ್ ನೀರಿನಿಂದ ತೆಗೆದ ಮೇಲೆ ಬಟ್ಟೆಯ ಮೇಲೆ ಹರಡಿ ನೀರು ಆರಿಸು, ಇಲ್ಲದಿದ್ದರೆ ಎಲ್ಲಾ ಒಂದೇ ಗಡ್ಡೆಯಾಗುತ್ತದೆ.

ಹಾಗಂತ ಎಲ್ಲಕ್ಕೂ ಐಸ್ ಹುಡುಕಬೇಡ. ಬಸ್ಸಾರಿಗೆ ಸೊಪ್ಪು ಬೇಯಿಸಿ ಬಸಿಯುತ್ತೇವೆ, ಆದರೆ ಅಲ್ಲಿ ನಮಗೆ ಬೇಕಾದದ್ದು ಆ ಬಸಿದ ನೀರು. ಸೊಪ್ಪಿನ ಸಾರವೆಲ್ಲಾ ನೀರಿಗೆ ಇಳಿಯಲಿ ಅಂತಲೇ ಬೇಯಿಸುವುದು. ಹುಳಿಗೆ ಹಾಕುವ ಸೊಪ್ಪೂ ಅಷ್ಟೇ, ಹುಣಸೆಹಣ್ಣು ಬಿದ್ದ ಮೇಲೆ ಹಸಿರು ಉಳಿಯುವ ಮಾತೇ ಇಲ್ಲ.

ಮುಂದಿನ ವಾರ ಮಾಡಿದಾಗ ಫೋಟೊ ಕಳಿಸು. ನಿಮ್ಮಮ್ಮ ಕನ್ನಡಕ ಒರೆಸಿಟ್ಟುಕೊಂಡಿದ್ದಾಳೆ.

ನಿನ್ನ
ಅಪ್ಪ