ತ್ರಿಭುಜದ ವಿಸ್ತೀರ್ಣ: ಎರಡು ಬಾಹು, ನಡುವಿನ ಕೋನ

ಎಲ್ಲರಿಗೂ ನಮಸ್ಕಾರ. ನಿನ್ನೆಯ ಲೆಕ್ಕದಲ್ಲಿ AB = 8 ಸೆಂ.ಮೀ, AC = 5 ಸೆಂ.ಮೀ, ಕೋನ A = 30° ಇತ್ತು. ಹಲವರು ಮೊದಲು BC ಕಂಡುಹಿಡಿದು, ಆಮೇಲೆ ಹೆರಾನ್ ಸೂತ್ರ ಹಾಕಿದ್ದೀರಿ. ಅಷ್ಟು ಸುತ್ತು ಬೇಕಿಲ್ಲ. C ಯಿಂದ AB ಗೆ ಲಂಬ ಎಳೆಯಿರಿ. ಅದರ ಎತ್ತರ 5 × sin 30° = 2.5. ಹಾಗಾಗಿ ವಿಸ್ತೀರ್ಣ ½ × 8 × 2.5 = 10 ಚದರ ಸೆಂ.ಮೀ. b ಅಂದ್ರೆ AC, c ಅಂದ್ರೆ AB ಎಂದಿಟ್ಟುಕೊಂಡರೆ ಸೂತ್ರ ಇಷ್ಟೇ:

½ × b × c × sin A

ಕೋನ ಆ ಎರಡು ಬಾಹುಗಳ ನಡುವಿನದ್ದೇ ಆಗಿರಬೇಕು. ಕೋನ B ಕೊಟ್ಟಿದ್ದರೆ ಇಲ್ಲಿ ನೇರವಾಗಿ ಹಾಕುವಂತಿಲ್ಲ. ಮೂರೂ ಬಾಹು ಮಾತ್ರ ಗೊತ್ತಿದ್ದರೆ ಹೆರಾನ್ ಸೂತ್ರವೇ ಸುಲಭ.

ಉತ್ತರ 20 ಕ್ಕಿಂತ, ಅಂದ್ರೆ ಬಾಹುಗಳ ಗುಣಲಬ್ಧದ ಅರ್ಧಕ್ಕಿಂತ, ಜಾಸ್ತಿ ಬರಲು ಸಾಧ್ಯವೇ ಇಲ್ಲ. ಋಣ ಸಂಖ್ಯೆ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆಯಾ ನೋಡಿ.