ಅಜ್ಜಿಯ ‘ಅಂಟ’ ಎಲ್ಲಿ ಹೋಯ್ತು?

ಪ್ರೀತಿಯ ತಮ್ಮ,

ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದ ದಿನದ ಬಗ್ಗೆ ನೀನು ಬರೆದದ್ದನ್ನು ಓದಿದೆ. ಜೊತೆಗೆ ಕಳಿಸಿದ್ದ ಅಜ್ಜಿಯ ರೆಕಾರ್ಡಿಂಗನ್ನೂ ಕೇಳಿದೆ, ಎರಡು ಸಲ. ಅದನ್ನು ಯಾಕಾದರೂ ಕಳಿಸಿದೆನೋ ಅಂತ ಇನ್ನು ಸ್ವಲ್ಪ ಹೊತ್ತಿಗೆ ನಿನಗೆ ಅನ್ನಿಸಬಹುದು. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸೋದು ಅನ್ನೋದನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ಒಂದೇ.

ಅಜ್ಜಿ ಮಾತಾಡಿರುವುದು ತೆಲುಗಿನಲ್ಲಿ. ಗೌರಿಬಿದನೂರು ಕಡೆ ಅದೇನು ವಿಶೇಷ ಅಲ್ಲ. ಆದರೆ ಅವರ ಮಾತುಗಳು ಮುಗಿಯುವುದು ‘ಅಂಟ’ದಲ್ಲಿ. ‘ಜನಂ ಪರಿಗೆತ್ತಾರಂಟ.’ ನಮ್ಮ ‘ಓಡಿದರಂತೆ’ಯ ‘ಅಂತೆ’ಯೇ ಅದು. ಕನ್ನಡಕ್ಕೆ ತರುವಾಗ ನೀನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದು ‘ಅಂಟ’ವನ್ನೂ ಆರಿಸಿ ಬಿಸಾಕಿದ್ದೀಯ. ‘ಜನ ಓಡಿದರು. ಗುಂಡಿನ ಸದ್ದಿಗೆ ಅಶ್ವತ್ಥದ ಹಕ್ಕಿಗಳೆಲ್ಲ ಎದ್ದವು.’ ಹಕ್ಕಿ ನೋಡಿದ್ದು ಯಾರಪ್ಪಾ? ಅಜ್ಜಿ ಆಗ ಹುಟ್ಟೇ ಇರಲಿಲ್ಲ. ಅವರ ಅಮ್ಮ ಆ ದಿನ ಮನೆಯಲ್ಲಿದ್ದರಂತೆ, ಅಜ್ಜಿಯೇ ಹೇಳುತ್ತಾರೆ, ನೀನದನ್ನು ಬಿಟ್ಟಿದ್ದೀಯ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದಕ್ಕೆ ದಾಖಲೆ ಇದೆ. ಹಕ್ಕಿಗೆ ಇಲ್ಲ.

ಇನ್ನು ಆ ಬಾವಿ. ಓಡುವ ದಾರಿ ಕಾಣದೆ ಜನ ಬಾವಿಗೆ ಹಾರಿದರು ಅಂತ ಬರೆದಿದ್ದೀಯ. ಮೂರು ಜನ ಹೇಳಿದ್ದಾರೆ ಅನ್ನುವುದು ನಿನ್ನ ಧೈರ್ಯ. ಆ ಮೂವರೂ ಈ ಊರನ್ನು ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಅಂದಿದ್ದಾರಲ್ಲ, ನನಗೆ ಅನುಮಾನ ಬಂದದ್ದೇ ಅಲ್ಲಿ. ಅದು ವೇದಿಕೆಯ ಮಾತು, ಪಾಠದ ಮಾತು. ಆ ಹೆಸರಿನ ಬೆನ್ನಿಗೇ ಅಮೃತಸರದ ಬಾವಿಯೂ ಇಲ್ಲಿಗೆ ನಡೆದು ಬಂದಿರಬೇಕು ಅಂತ ನನ್ನ ಗುಮಾನಿ. ಮೂರು ಬಾಯಿ ಇದ್ದ ಮಾತ್ರಕ್ಕೆ ಮೂರು ಸಾಕ್ಷಿ ಆಗುವುದಿಲ್ಲ ತಮ್ಮಾ. ಒಬ್ಬರು ಹೇಳಿದ್ದನ್ನೇ ಮೂವರು ಹೇಳುತ್ತಿದ್ದರೆ ಪದಗಳೂ ಅವೇ ಇರುತ್ತವೆ. ನಿಜವಾಗಿ ಅಲ್ಲಿದ್ದವರ ಮಾತು ಹಾಗಿರಲ್ಲ. ಅವರಿಗೆ ಒಂದು ಮೂಲೆ ಮಾತ್ರ ಕಂಡಿರುತ್ತದೆ, ಮುಂದೆ ನಿಂತವನ ಬೆನ್ನು, ಕಿತ್ತುಹೋದ ಚಪ್ಪಲಿ. ಮೊದಲಿಂದ ಕೊನೆವರೆಗೆ ಚೆನ್ನಾಗಿ ಹೇಳುವವರು ಸಾಮಾನ್ಯವಾಗಿ ಕೇಳಿದವರೇ. ‘ನಿಮಗಿದನ್ನು ಯಾರು ಹೇಳಿದ್ದು, ಯಾವಾಗ?’ ಅಂತ ಕೇಳಿದೆಯಾ?

ನಾನೂ ಕೇಳಿರಲಿಲ್ಲ. ವರದಿಗಾರನಾಗಿದ್ದಾಗ ಒಂದು ಹಳ್ಳಿಯಲ್ಲಿ ಕೆರೆ ಏರಿ ಒಡೆಯಿತು. ನಾನು ಹೋಗುವಷ್ಟರಲ್ಲಿ ಎರಡು ದಿನ ಆಗಿತ್ತು. ತೂಬಿನ ಕಾವಲಿನವನು ಕುಡಿದು ಮಲಗಿದ್ದ ಅಂತ ನಾಲ್ಕು ಮನೆಯಲ್ಲಿ ಹೇಳಿದರು, ನಾಲ್ಕೂ ಕಡೆ ‘ಕಂಬಳಿ ಹೊದ್ದು’ ಅನ್ನೋ ಮಾತು ಸೇರಿಸಿ. ಆ ಕಂಬಳಿ ನನಗೆ ಎಷ್ಟು ಹಿಡಿಸಿತು ಅಂದರೆ ಅದರಿಂದಲೇ ವರದಿ ಶುರು ಮಾಡಿದೆ. ನಾಲ್ಕೂ ಮನೆಗೆ ಆ ಸುದ್ದಿ ಹೋಗಿದ್ದು ಒಂದೇ ಚಹಾ ಅಂಗಡಿಯಿಂದ. ಆ ರಾತ್ರಿ ಅವನು ಹೆಂಡತಿಯ ಹೆರಿಗೆಗೆ ಅಂತ ಪಕ್ಕದ ಊರಿಗೆ ಹೋಗಿದ್ದ. ತಿದ್ದುಪಡಿ ಬಂತು, ಒಳಪುಟದಲ್ಲಿ, ಎರಡು ಸಾಲು. ಸಂಪಾದಕರು ಆ ವರದಿಯ ಮೊದಲ ಸಾಲನ್ನು ಆಮೇಲೂ ಹೊಗಳುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸತ್ತವರ ಲೆಕ್ಕದಲ್ಲಿ ನೀನು ಮಾಡಿದ್ದು ಇನ್ನೂ ಚೆಂದ. ಸರ್ಕಾರ 10 ಅಂತು, ಜನ 32 ಅನ್ನುತ್ತಾರೆ, ನೀನು ‘ಸುಮಾರು 20’ ಅಂತ ಬರೆದೆ. ಸಾವಿನಲ್ಲೂ ಚೌಕಾಸಿನಾ? ಆ 20 ಯಾರೂ ಹೇಳದ ಸಂಖ್ಯೆ. ಎರಡನ್ನೂ ಬರೆ, ಯಾರ ಲೆಕ್ಕ ಯಾವುದು ಅಂತ ಹೇಳು. ನಡುವಿನ ಅಂತರವೂ ಆ ದಿನದ ಸುದ್ದಿಯೇ ಅಲ್ವಾ?

ಪ್ರತಿ ಸಾಲಿಗೂ ‘ಅಂತೆ’ ಹಾಕಿದರೆ ಅಂತೆಕಂತೆ ಆಗಿಬಿಡುತ್ತದೆ ಅಂತೀಯ. ನಿಜ. ಒಂದು ಸಲ ‘ಇದು ಅಜ್ಜಿಗೆ ಅವರ ಅಮ್ಮ ಹೇಳಿದ್ದು’ ಅಂತ ಹೇಳಿ ಮುಂದಕ್ಕೆ ಹೋಗು. ಹೇಳುವವರು ಬದಲಾದಾಗ, ಅವರಿಗೆ ಗೊತ್ತಿದ್ದದ್ದು ಮುಗಿದಾಗ, ಮತ್ತೆ ಹೇಳು. ಅಷ್ಟೇ.

ನೋಡು, ಆ ರೆಕಾರ್ಡಿಂಗಿನಲ್ಲಿ ‘ಅಂಟ’ ಇಲ್ಲದ ಜಾಗವೂ ಒಂದಿದೆ. ಮುತ್ತಜ್ಜಿಗೆ ಕೇಳಿಸಿದ್ದು ಸದ್ದು ಮಾತ್ರ, ಜಾತ್ರೆಯ ಪಟಾಕಿ ಅಂದುಕೊಂಡರಂತೆ. ಮುತ್ತಜ್ಜ ಕತ್ತಲಾದ ಮೇಲೆ ಬರಿಗಾಲಲ್ಲಿ ಬಂದು, ದೀಪ ಹಚ್ಚಬೇಡ ಅಂದರಂತೆ. ಆಮೇಲೆ ಅಜ್ಜಿ ತಾವೇ ಕಂಡದ್ದನ್ನು ಹೇಳುತ್ತಾರೆ: ಮನೆಯಲ್ಲಿ ಪಟಾಕಿ ಹೊಡೆದಾಗಲೆಲ್ಲ ಅಮ್ಮ ಎದ್ದು ಹೋಗಿ ದೀಪ ಆರಿಸುತ್ತಿದ್ದರು. ಇದನ್ನು ನೀನು ಬಿಟ್ಟು, ಹಕ್ಕಿ ಹಾರಿಸಿದೆಯಲ್ಲೋ!

ಬಾವಿಯ ಮಾತು ಯಾರಿಂದ ಬಂತು ಅಂತ ಮೂವರನ್ನೂ ಬೇರೆ ಬೇರೆಯಾಗಿ ಕೇಳಿ ನನಗೆ ಬರೆ. ಅಜ್ಜಿಯ ಹತ್ತಿರ ದೀಪದ ವಿಷಯ ಇನ್ನೊಮ್ಮೆ ಕೇಳು. ಎಡಗಿವಿ ಮಂದ ಅಂದಿದ್ದೆಯಲ್ಲ, ಈ ಸಲ ಬಲಗಡೆ ಕೂತುಕೋ.

ನಿನ್ನ
ಅಣ್ಣ